ಬ್ಯಾಂಕಿನ ಆರು ವರ್ಷ, ರೆಸ್ಯೂಮೆಯ ನಾಲ್ಕು ಸಾಲು

ನಮ್ಮ ದೊಡ್ಡಪ್ಪನ ಮಗಳು ಸವದತ್ತಿ ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿ ಆರು ವರ್ಷದಿಂದ ಅಧಿಕಾರಿ. ಕೃಷಿ ಸಾಲದ ಟೇಬಲ್ಲು ಅವಳದು. ಕಳೆದ ದೀಪಾವಳಿಗೆ ಬೈಲಹೊಂಗಲಕ್ಕೆ ಬಂದವಳು ಲ್ಯಾಪ್‌ಟಾಪ್ ತೆಗೆದು ನನ್ನ ಮುಂದಿಟ್ಟು, ‘ತಮ್ಮಾ, ನೀ ಇಂಜಿನಿಯರಿಂಗ್ ಓದಾಕತ್ತೀ. ಇದರಾಗ ತಪ್ಪೇನೈತಿ ಹೇಳು’ ಅಂದಳು. ಡೇಟಾ ಅನಲಿಸ್ಟ್ ಹುದ್ದೆಗಾಗಿ ಬೆಂಗಳೂರಿನ 23 ಕಂಪನಿಗಳಿಗೆ ಕಳಿಸಿದ ರೆಸ್ಯೂಮೆ ಅದು. ಒಂದು ಫೋನೂ ಬಂದಿರಲಿಲ್ಲ.

ಸರ್ಕಾರಿ ಬ್ಯಾಂಕಿನ ಕೆಲಸ ಬಿಟ್ಟು ಹೋಗುವುದೆಂದರೆ ನಮ್ಮ ಮನೆಯಲ್ಲಿ ಹಬ್ಬದ ದಿನ ಆಡುವ ಮಾತಲ್ಲ. ದೊಡ್ಡಪ್ಪನಿಗೆ ಇನ್ನೂ ಗೊತ್ತಿರಲಿಲ್ಲ. ಹಾಗಾಗಿ ಇಬ್ಬರೂ ಮಾಳಿಗೆ ಮೇಲೆ ಕೂತು ಓದಿದೆವು.

ಈ ಬದಲಾವಣೆಯ ಯೋಚನೆ ಅಕ್ಕನೊಬ್ಬಳಿಗೇ ಬಂದದ್ದಲ್ಲ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಡೆಯ ಬ್ಯಾಂಕುಗಳ ಬೋರ್ಡು ಎಷ್ಟು ಸಲ ಬದಲಾಗಿದೆ ನೋಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನೊಳಗೆ ಸೇರಿತು. ಮಲಪ್ರಭಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನ ಭಾಗವಾಗಿತ್ತು; ನಮ್ಮಜ್ಜ ಈಗಲೂ ಅದನ್ನು ‘ಮಲಪ್ರಭಾ ಬ್ಯಾಂಕು’ ಅಂತಲೇ ಕರೆಯುತ್ತಾನೆ. ಒಂದು ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂಬ ನೀತಿಯಂತೆ 2025ರ ಮೇ 1ರಂದು ಧಾರವಾಡದ ಆ ಬ್ಯಾಂಕೂ ಬಳ್ಳಾರಿಯ ಗ್ರಾಮೀಣ ಬ್ಯಾಂಕೂ ಒಂದಾದವು, ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಉಳಿಯಿತು. ಬ್ಯಾಂಕುಗಳು ಒಂದಾದಾಗಲೆಲ್ಲ ಕೆಲಸ ಮಾಡುವವರು ವರ್ಗಾವಣೆಯ ನಕ್ಷೆ ಬಿಡಿಸಿಕೊಂಡು ಕೂರುತ್ತಾರೆ. ಅಕ್ಕನ ಬ್ಯಾಂಕು ಯಾವುದೆಂದು ನಾನು ಹೇಳುವುದಿಲ್ಲ. ಆದರೆ ಅವಳ ಓರಗೆಯ ಮೂವರು ಇದೇ ದಾರಿ ಹುಡುಕುತ್ತಿದ್ದಾರೆ.

ರೆಸ್ಯೂಮೆಯ ಎತ್ತರದಲ್ಲೇ, ಹೆಸರಿನ ಕೆಳಗೆ, ಸಾರಾಂಶ ಅಂತ ನಾಲ್ಕೈದು ಸಾಲು ಇರುತ್ತದಲ್ಲ, ಅವಳದು ಹೀಗಿತ್ತು (ಮೂಲ ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ): ‘ಬ್ಯಾಂಕಿಂಗ್ ಕ್ಷೇತ್ರದಲ್ಲಿ 6 ವರ್ಷ ಅನುಭವವುಳ್ಳ, ಶ್ರಮಜೀವಿ, ಬೇಗ ಕಲಿಯುವ ಅಧಿಕಾರಿ. ಡೇಟಾ ಅನಲಿಟಿಕ್ಸ್ ಬಗ್ಗೆ ಅಪಾರ ಆಸಕ್ತಿ. ಎಸ್‌ಕ್ಯೂಎಲ್, ಪೈಥಾನ್, ಪವರ್ ಬಿಐ ಪ್ರಮಾಣಪತ್ರ ಪಡೆದಿದ್ದೇನೆ. ಕಂಪನಿಯ ಬೆಳವಣಿಗೆಗೆ ಕೊಡುಗೆ ನೀಡಲು ಅವಕಾಶ ಕೋರುತ್ತೇನೆ.’

ನಾನು ಅದನ್ನು ತಿದ್ದಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಯಾಕೆಂದರೆ ನಾನು ಅದನ್ನು ಇನ್ನೂ ಕೆಡಿಸಿದೆ. ‘ಡೇಟಾ ಅನಲಿಸ್ಟ್, 6 ವರ್ಷ ಅನುಭವ’ ಅಂತ ಮೊದಲ ಸಾಲು ಹಾಕಿದೆ. ‘ವಸೂಲಾಗದ ಸಾಲವನ್ನು 40 ಶೇಕಡ ತಗ್ಗಿಸಿದೆ’ ಅಂತ ಎರಡನೆಯದು. ಶಾಖೆಯಲ್ಲಿ ಒಂದು ತ್ರೈಮಾಸಿಕದಲ್ಲಿ ಐದು ಖಾತೆ ಹೊಸದಾಗಿ ಕೆಟ್ಟಿದ್ದವು, ಮುಂದಿನದರಲ್ಲಿ ಮೂರು. ಐದರಿಂದ ಮೂರಕ್ಕೆ ಇಳಿದರೆ 40 ಶೇಕಡ ಹೌದೇ ಹೌದು. ಅಕ್ಕ ನನ್ನ ಮುಖ ನೋಡಿ, ‘ಅದರಾಗ ಒಬ್ಬಾಂವ ತನ್ನ ಎಮ್ಮಿ ಮಾರಿ ಕಟ್ಟ್ಯಾನ. ನಾ ಏನ್ ಮಾಡೇನಿ?’ ಅಂದಳು.

ಆ ಎರಡನೆಯ ಪ್ರತಿಯನ್ನು ನಮ್ಮ ಕಾಲೇಜಿನಿಂದ ಹೋಗಿ ಬೆಂಗಳೂರಿನಲ್ಲಿ ಒಂದು ತಂಡಕ್ಕೆ ಜನ ಆರಿಸುವ ಸೀನಿಯರ್ ಒಬ್ಬರಿಗೆ ಕಳಿಸಿದೆ. ಅವರ ಮಾತು ಕಟುವಾಗಿತ್ತು, ಆದರೆ ನನಗೆ ಅರ್ಥವಾದ ಮೊದಲ ವಿವರಣೆ ಅದು. ಬೇರೆ ಕ್ಷೇತ್ರದಿಂದ ಬರುವವರ ರೆಸ್ಯೂಮೆ ತೆರೆದಾಗ ಅವರಿಗೆ ಮೂರು ಅನುಮಾನ ಬರುತ್ತವಂತೆ. ಈ ಮನುಷ್ಯನಿಗೆ ನಿಜಕ್ಕೂ ಡೇಟಾ ಕೈಯಲ್ಲಿ ಹಿಡಿದು ಗೊತ್ತೋ, ಅಥವಾ ವಿಡಿಯೊ ನೋಡಿ ಪ್ರಮಾಣಪತ್ರ ಪಡೆದವರೋ? ಅಧಿಕಾರಿಯಾಗಿದ್ದವರು ಹೊಸಬರ ಹುದ್ದೆಯಲ್ಲಿ, ತಮಗಿಂತ ಚಿಕ್ಕವರ ಕೈಕೆಳಗೆ ಕೂರುತ್ತಾರೋ? ಆರು ತಿಂಗಳಿಗೆ ಸಾಕಾಗಿ ಹಿಂದಿರುಗಿಬಿಟ್ಟರೆ? ‘ನೀನು ಬರೆದದ್ದು ಮೂರಕ್ಕೂ ಉತ್ತರ ಕೊಡೋದಿಲ್ಲ, ಮೊದಲನೇ ಸಾಲಲ್ಲೇ ಸುಳ್ಳು ಇದೆ’ ಎಂದರು. ಬ್ಯಾಂಕಿನಲ್ಲಿ ಆರು ವರ್ಷ, ಎಸ್‌ಕ್ಯೂಎಲ್ ಕಲಿತದ್ದು 14 ತಿಂಗಳು. ಎರಡನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದರೆ ಓದುವವರು ಕೆಳಗಿನ ಪುಟದಲ್ಲಿ ಹುದ್ದೆಯ ಹೆಸರು ನೋಡಿದ ಕೂಡಲೇ ಅಲ್ಲೇ ಬಿಡುತ್ತಾರೆ.

ಆಮೇಲೆ ಅವರು ಒಂದು ಪುಟ್ಟ ಅಭ್ಯಾಸದ ಲೆಕ್ಕ ಕಳಿಸಿದರು. ಸಾಲಗಳ ಒಂದು ಟೇಬಲ್, ಅದರಲ್ಲಿ ಎಷ್ಟು ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ಹೇಳಬೇಕು. ನಾನು ಅರ್ಧ ನಿಮಿಷದಲ್ಲಿ ಬರೆದೆ. 90 ದಿನ ದಾಟಿದರೆ ಎನ್‌ಪಿಎ ಎಂದು ಪೇಪರಿನಲ್ಲಿ ಓದಿದ್ದೆ.

```sql
SELECT COUNT(*) FROM loans
WHERE days_overdue > 90;
```

ಅಕ್ಕ ಟೈಪ್ ಮಾಡಲೇ ಇಲ್ಲ. ‘ಇದರಾಗ ಬೆಳಿಸಾಲ ಅದಾವೇನು?’ ಎಂದು ಕೇಳಿದಳು. ಇದ್ದವು, ಅರ್ಧಕ್ಕಿಂತ ಹೆಚ್ಚು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಡೀ ಲೇಖನದ ತಿರುಳು ಇದೇ. ಮನೆಸಾಲ, ವಾಹನ ಸಾಲಗಳಿಗೆ 90 ದಿನದ ಲೆಕ್ಕ ಸರಿ. ಬೆಳೆಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಬೇರೆ. ಅಲ್ಪಾವಧಿ ಬೆಳೆಯಾದರೆ ಕಂತು ಅಥವಾ ಬಡ್ಡಿ ಎರಡು ಬೆಳೆ ಹಂಗಾಮು ಬಾಕಿ ಉಳಿದ ಮೇಲೆ ಅದು ಎನ್‌ಪಿಎ; ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು. ಯಾವ ಬೆಳೆಯ ಹಂಗಾಮು ಎಷ್ಟು ತಿಂಗಳು ಎಂಬುದನ್ನು ರಾಜ್ಯಮಟ್ಟದ ಬ್ಯಾಂಕರ್‌ಗಳ ಸಮಿತಿ ನಿಗದಿ ಮಾಡುತ್ತದೆ. ಮಳೆ ನಂಬಿದ ರೈತನಿಗೆ ಕ್ಯಾಲೆಂಡರಿನ ಮೂರು ತಿಂಗಳು ಅಂದರೆ ಏನೂ ಅಲ್ಲ, ಆದ್ದರಿಂದ ಈ ನಿಯಮ. ಅಕ್ಕ ಬರೆದದ್ದು:

```sql
SELECT COUNT(*) FROM loans
WHERE (loan_type <> 'CROP' AND days_overdue > 90)
   OR (loan_type = 'CROP' AND crop_term = 'SHORT'
       AND seasons_overdue >= 2)
   OR (loan_type = 'CROP' AND crop_term = 'LONG'
       AND seasons_overdue >= 1);
```

ಬರೆದು ಮುಗಿಸಿ, ‘ಇದೂ ಪೂರ್ತಿ ಸರಿ ಇಲ್ಲ’ ಅಂದಳು. ಎನ್‌ಪಿಎ ಗುರುತಿಸುವುದು ಸಾಲಗಾರನ ಲೆಕ್ಕದಲ್ಲಿ, ಖಾತೆಯ ಲೆಕ್ಕದಲ್ಲಲ್ಲ. ಒಬ್ಬ ರೈತನ ಟ್ರ್ಯಾಕ್ಟರ್ ಸಾಲ ಕೆಟ್ಟರೆ, ಅದೇ ಬ್ಯಾಂಕಿನಲ್ಲಿ ಸರಿಯಾಗಿ ನಡೆಯುತ್ತಿರುವ ಅವನ ಇನ್ನೊಂದು ಸಾಲವೂ ಎನ್‌ಪಿಎ ಪಟ್ಟಿಗೆ ಹೋಗುತ್ತದೆ. ಹಾಗಾಗಿ ಈ ಉತ್ತರದಿಂದ ಗ್ರಾಹಕರ ನಂಬರು ತೆಗೆದು, ಆ ನಂಬರಿನ ಎಲ್ಲ ಖಾತೆಗಳನ್ನೂ ಮತ್ತೆ ಎಣಿಸಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ಹೊಲ ಮನೆ ನೀರು ಪಾಲಾದವಲ್ಲ, ಅಂಥ ವಿಕೋಪದ ನಂತರ ಮರುಹೊಂದಾಣಿಕೆಯಾದ ಸಾಲಕ್ಕೆ ಕಟ್ಟಬೇಕಾದ ದಿನಾಂಕವೇ ಬದಲಾಗಿರುತ್ತದೆ. ಹಳೆಯ ದಿನಾಂಕ ಹಿಡಿದು ಎಣಿಸಿದರೆ ಚೆನ್ನಾಗಿರುವ ಖಾತೆ ಕೆಟ್ಟದ್ದಾಗಿ ಕಾಣುತ್ತದೆ.

ಎಸ್‌ಕ್ಯೂಎಲ್‌ನಲ್ಲಿ ನಾನು ಅಕ್ಕನಿಗಿಂತ ಚುರುಕು. ಆದರೆ ನನ್ನ ಉತ್ತರ ತಪ್ಪು, ಮತ್ತು ಅದು ತಪ್ಪೆಂದು ನನ್ನ ಪರದೆ ನನಗೆ ಹೇಳುತ್ತಲೇ ಇರಲಿಲ್ಲ. ಕ್ವೆರಿ ಓಡಿತು, ಒಂದು ಅಂಕಿ ಬಂತು, ಕೆಂಪು ಅಕ್ಷರ ಯಾವುದೂ ಬರಲಿಲ್ಲ. ಬ್ಯಾಂಕಿನವರನ್ನು ನೋಡಿ ಅನುಮಾನಪಡುವ ಮ್ಯಾನೇಜರ್ ನಿಜವಾಗಿ ಹೆದರಬೇಕಾದದ್ದು ಇಂಥ ಅಂಕಿಗೆ. ಅದನ್ನೇ ಸಾರಾಂಶದಲ್ಲಿ ಹೇಳಬೇಕು ಅನ್ನಿಸಿತು. ‘ಬ್ಯಾಂಕಿಂಗ್ ಜ್ಞಾನವಿದೆ’ ಅಂತಲ್ಲ. ಹಾಗೆ ಎಲ್ಲರೂ ಬರೆಯುತ್ತಾರೆ. ಆ ಜ್ಞಾನ ಯಾವ ತಪ್ಪನ್ನು ತಡೆಯುತ್ತದೆ ಎಂದು ಬರೆಯಬೇಕು.

ಇನ್ನು ಎರಡನೆಯ ಸಾಲಿಗೆ ಅವಳು ಶಾಖೆಯಲ್ಲಿ ನಿಜವಾಗಿ ಮಾಡಿದ ಯಾವುದಾದರೂ ಕೆಲಸ ಬೇಕಿತ್ತು. ಕೇಳಿದರೆ, ‘ನಾ ಏನ್ ಮಾಡೇನಿ, ಬರೇ ಎಕ್ಸೆಲ್’ ಅಂತ ತಳ್ಳಿಹಾಕಿದಳು. ಒತ್ತಾಯ ಮಾಡಿದ ಮೇಲೆ ಒಂದು ಸಂಗತಿ ಹೊರಬಂತು.

ಪ್ರತಿ ವರ್ಷ ಮಾರ್ಚ್ ಮುಗಿಯುವ ಮುಂಚೆ ಸುಸ್ತಿ ಪಟ್ಟಿ ಹಿಡಿದು ಶಾಖೆಯವರು ಊರೂರು ಅಲೆಯುತ್ತಾರೆ. ಒಂದು ವರ್ಷ ಆ ಪಟ್ಟಿಯಲ್ಲಿ 118 ಬೆಳೆಸಾಲದ ಖಾತೆಗಳಿದ್ದವು. ಅಕ್ಕ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿ ಎರಡು ಕಾಲಮ್ ತಾನೇ ಸೇರಿಸಿದಳು: ಊರು, ಬೆಳೆ. ಬೆಳೆಯ ಹೆಸರು ಸಾಲದ ಅರ್ಜಿಯಲ್ಲಿ ಇತ್ತು, ಪಟ್ಟಿಯಲ್ಲಿ ಇರಲಿಲ್ಲ. ಕಪಾಟು ತೆಗೆದು ಎರಡು ಸಂಜೆ ಕೂತು ತುಂಬಿದ್ದಾಳೆ. 118ರಲ್ಲಿ 71 ಕಬ್ಬಿನವು. ಸಾಲ ಕಟ್ಟುವ ದಿನ ಒಂದು ಕಡೆ, ಸಕ್ಕರೆ ಕಾರ್ಖಾನೆಯ ಬಿಲ್ಲು ರೈತನ ಖಾತೆಗೆ ಬೀಳುವ ದಿನ ಇನ್ನೊಂದು ಕಡೆ. ಎರಡರ ನಡುವಿನ ಅಂತರವೇ ಸುಸ್ತಿಯಾಗಿ ಕಾಣುತ್ತಿತ್ತು. ಬಿಲ್ಲು ಬಿದ್ದ 45 ದಿನದೊಳಗೆ ಆ 71ರಲ್ಲಿ 58 ಮಂದಿ ತಾವಾಗಿಯೇ ಬಂದು ಕಟ್ಟಿದರು. ಉಳಿದ 47 ಖಾತೆಗಳು ಜೋಳ, ಕಡಲೆ, ಹತ್ತಿಯವು, ಅಲ್ಲಿ ಇಂಥ ಮಾದರಿ ಇರಲಿಲ್ಲ. ಮುಂದಿನ ಮಾರ್ಚಿನಲ್ಲಿ ಅವಳ ಮ್ಯಾನೇಜರ್ ಜೀಪು ಹತ್ತುವ ಮುಂಚೆ ಕಬ್ಬಲ್ಲದ ಖಾತೆಗಳನ್ನು ಮೊದಲು ಇಟ್ಟರು, ಕಬ್ಬಿನವರ ಮನೆಗೆ ಬಿಲ್ಲಿನ ನಂತರ ಹೋದರು.

‘ಮತ್ತ ಕಬ್ಬಿನವರನ್ನ ಸುಮ್ಮನ ಬಿಟ್ರೇನು?’ ಎಂದು ಕೇಳಿದೆ. ಇಲ್ಲವಂತೆ. ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿ 7 ಶೇಕಡ. ಹೇಳಿದ ದಿನಕ್ಕೆ ಕಟ್ಟಿದರೆ ಕೇಂದ್ರ ಸರ್ಕಾರದ 3 ಶೇಕಡ ರಿಯಾಯಿತಿ ಸಿಕ್ಕು 4ಕ್ಕೆ ಇಳಿಯುತ್ತದೆ. ದಿನ ದಾಟಿದರೆ ಆ ರಿಯಾಯಿತಿ ಹೋಯಿತು. ಅದಕ್ಕೇ ಗಡುವಿನ ಮುಂಚೆ ಎಲ್ಲರಿಗೂ ಫೋನು ಹೋಗುತ್ತಿತ್ತು. ಬದಲಾದದ್ದು ಜೀಪಿನ ಸರದಿ ಮಾತ್ರ.

ಅದು ಒಂದೇ ಶಾಖೆ, ಒಂದೇ ಹಂಗಾಮು. ಕಾರ್ಖಾನೆ ಬಿಲ್ಲೇ ಕೊಡದ ವರ್ಷ ಈ ಲೆಕ್ಕ ತಲೆಕೆಳಗಾಗುತ್ತದೆ. 45 ದಿನ ಎಂಬುದು ಆ ವರ್ಷದ ಪಟ್ಟಿ ನೋಡಿ ಹೊಳೆದ ಅಂಕಿ, ನಿಯಮವಲ್ಲ. ಇದನ್ನೆಲ್ಲ ಅಕ್ಕ ತಾನೇ ಹೇಳಿದಳು. ಸೀನಿಯರಿಗೆ ಹೇಳಿದಾಗ ಅವರು ಹಿಡಿದುಕೊಂಡದ್ದು ಈ ಮಿತಿಗಳನ್ನೇ. ‘ತನ್ನ ಅಂಕಿ ಎಲ್ಲಿ ಮುರಿಯುತ್ತೆ ಅಂತ ಹೇಳೋರನ್ನ ನಾನು ಕೂರಿಸಿಕೊಂಡು ಕೇಳ್ತೀನಿ’ ಎಂದರು.

ಹೀಗೆ ಮೂರನೆಯ ಪ್ರತಿ ತಯಾರಾಯಿತು:

‘ಬೆಳಗಾವಿ ಜಿಲ್ಲೆಯ ಗ್ರಾಮೀಣ ಶಾಖೆಯಲ್ಲಿ 6 ವರ್ಷ ಕೃಷಿ ಸಾಲದ ಅಧಿಕಾರಿ, 14 ತಿಂಗಳಿಂದ ಎಸ್‌ಕ್ಯೂಎಲ್ ಮತ್ತು ಪವರ್ ಬಿಐ ಬಳಕೆ. 118 ಸುಸ್ತಿ ಖಾತೆಗಳನ್ನು ಬೆಳೆವಾರು ವಿಂಗಡಿಸಿ, 71 ಖಾತೆಗಳ ವಿಳಂಬ ಕಾರ್ಖಾನೆ ಬಿಲ್ಲಿನ ದಿನಾಂಕದೊಂದಿಗೆ ಹೊಂದುವುದನ್ನು ತೋರಿಸಿದೆ. ಮುಂದಿನ ವರ್ಷ ಶಾಖೆಯ ವಸೂಲಿ ಭೇಟಿಯ ಸರದಿ ಅದರಂತೆ ಬದಲಾಯಿತು. ಬೆಳೆಸಾಲಕ್ಕೆ 90 ದಿನದ ಬದಲು ಹಂಗಾಮಿನ ನಿಯಮ, ಖಾತೆಯ ಬದಲು ಸಾಲಗಾರನ ಲೆಕ್ಕ: ಸಾಲದ ಡೇಟಾದಲ್ಲಿ ಇಂಥ ತಪ್ಪುಗಳನ್ನು ಮೊದಲೇ ಹಿಡಿಯಬಲ್ಲೆ. ಸಾಲದ ಅಪಾಯ ಅಳೆಯುವ ತಂಡದಲ್ಲಿ ಕಿರಿಯ ಅನಲಿಸ್ಟ್ ಹುದ್ದೆ ಹುಡುಕುತ್ತಿದ್ದೇನೆ.’

ಮೊದಲ ಸಾಲಿನಲ್ಲಿ ಎರಡು ಅನುಭವಗಳೂ ಬೇರೆ ಬೇರೆಯಾಗಿ ನಿಂತಿವೆ, ಕೆಳಗಿನ ಪುಟ ನೋಡಿ ಯಾರೂ ಮೋಸಹೋದೆವು ಅನ್ನುವಂತಿಲ್ಲ. ಎರಡನೆಯದರಲ್ಲಿ ‘ಹೊಂದುವುದನ್ನು ತೋರಿಸಿದೆ’ ಎಂಬ ಮಾತಿಗೆ ನಾವು ಅರ್ಧ ಗಂಟೆ ಜಗಳಾಡಿದ್ದೇವೆ. ನಾನು ‘ಕಾರಣ ಕಂಡುಹಿಡಿದೆ’ ಅಂತ ಬರೆದಿದ್ದೆ, ಅವಳು ಹೊಡೆದುಹಾಕಿದಳು. ಕೊನೆಯ ಸಾಲಿನ ‘ಕಿರಿಯ’ ಎಂಬ ಒಂದೇ ಪದ ಎರಡನೆಯ ಅನುಮಾನಕ್ಕೆ ಉತ್ತರ. ‘ಸಾಲದ ಅಪಾಯ ಅಳೆಯುವ ತಂಡ’ ಎಂದು ಬಿಡಿಸಿ ಹೇಳಿದ್ದು ಮೂರನೆಯದಕ್ಕೆ: ಬ್ಯಾಂಕಿನಿಂದ ಓಡಿಹೋಗುತ್ತಿಲ್ಲ, ಅದೇ ಸಾಲದ ಇನ್ನೊಂದು ಬದಿಗೆ ಬರುತ್ತಿದ್ದಾಳೆ. ಬ್ಯಾಂಕು ಯಾಕೆ ಬಿಡುತ್ತೇನೆ ಎಂಬ ವಿವರಣೆ ಒಂದಕ್ಷರವೂ ಇಲ್ಲ. ಅದು ಸಂದರ್ಶನದ ಮಾತು. ಪ್ರಮಾಣಪತ್ರಗಳು ಪುಟದ ಅಡಿಗೆ ಹೋದವು.

ಒಂದು ಅಡ್ಡಿ ಉಳಿದಿತ್ತು. ಆ 118 ಖಾತೆಗಳ ಹಾಳೆಯನ್ನು ಅಕ್ಕ ಯಾರಿಗೂ ತೋರಿಸುವಂತಿಲ್ಲ, ಅದು ಗ್ರಾಹಕರ ಗುಟ್ಟು. ಹೆಸರು ಅಳಿಸಿದರೂ ಊರು, ಬೆಳೆ, ಸಾಲದ ಮೊತ್ತ ಮೂರೂ ಇದ್ದರೆ ಸಣ್ಣ ಊರಿನಲ್ಲಿ ಅದು ಯಾರೆಂದು ಗೊತ್ತಾಗಿಬಿಡುತ್ತದೆ. ಬ್ಯಾಂಕಿನ ಕಡತ ಮೇಲ್ ಮಾಡಿಕೊಂಡು ಮನೆಗೆ ತಂದು ‘ಪ್ರಾಜೆಕ್ಟ್’ ಅಂತ ತೋರಿಸುವವರೂ ಇದ್ದಾರೆ. ಬುದ್ಧಿವಂತ ಮ್ಯಾನೇಜರ್ ಅದನ್ನು ನೋಡಿ ನಾಳೆ ನಮ್ಮ ಕಡತವೂ ಹೀಗೇ ಹೋಗುತ್ತದೆ ಅಂದುಕೊಳ್ಳುತ್ತಾರೆ. ಆದ್ದರಿಂದ ಕೈಚಳಕ ತೋರಿಸಲು ಸಾರ್ವಜನಿಕ ಡೇಟಾ ಬೇಕಾಯಿತು. ಕೇಂದ್ರ ಸರ್ಕಾರದ ಆಗ್‌ಮಾರ್ಕ್‌ನೆಟ್ ತಾಣದಲ್ಲಿ ಎಪಿಎಂಸಿಗಳ ದಿನದ ಆವಕ ಮತ್ತು ಧಾರಣೆ ಸಿಗುತ್ತದೆ. ನಮ್ಮ ಬೈಲಹೊಂಗಲ ಮಾರುಕಟ್ಟೆಯ ಹತ್ತಿ ಧಾರಣೆ ಇಳಿಸಿಕೊಂಡೆವು.

ಅಲ್ಲೂ ನಾನೊಂದು ಗುಂಡಿಗೆ ಬಿದ್ದೆ. ಪೇಟೆ ನಡೆಯದ ದಿನಗಳ ಖಾಲಿ ಜಾಗಕ್ಕೆ ಸೊನ್ನೆ ತುಂಬಿ ತಿಂಗಳ ಸರಾಸರಿ ತೆಗೆದೆ. ಹಬ್ಬದ ತಿಂಗಳಲ್ಲಿ ಹತ್ತಿ ಬೆಲೆ ನೆಲಕ್ಕೆ ಬಿದ್ದಂತೆ ನಕ್ಷೆ ಬಂತು. ಕ್ವಿಂಟಲ್‌ಗೆ ಸಾವಿರಾರು ರೂಪಾಯಿ ಇರುವ ಮಾಲು ಹಾಗೆ ಬೀಳುವುದಿಲ್ಲ ಎಂದು ಅಕ್ಕ ನಕ್ಕಳು, ಅವಳ ತವರಿನವರು ಅದೇ ಪೇಟೆಗೆ ಹತ್ತಿ ಹಾಕುವವರು. ಇದನ್ನು ಕಂಡುಹಿಡಿಯುವುದು ಸುಲಭ: ಪ್ರತಿ ತಿಂಗಳ ಕನಿಷ್ಠ ಬೆಲೆ ಒಂದು ಸಲ ನೋಡಿ, ಸೊನ್ನೆ ಕಂಡರೆ ಅದು ಬೆಲೆಯಲ್ಲ, ರಜೆ.

ಹೊಸ ಸಾರಾಂಶ ಹಾಕಿ ಒಂಬತ್ತು ಕಂಪನಿಗಳಿಗೆ ಕಳಿಸಿದಳು. ಎಲ್ಲಕ್ಕೂ ಒಂದೇ ಅಲ್ಲ. ಸಾಲದ ಡೇಟಾದ ಕೆಲಸವೇ ಇಲ್ಲದ ಕಡೆ, ಉದಾಹರಣೆಗೆ ಬಟ್ಟೆ ಮಾರುವ ಕಂಪನಿಗೆ, ಮೂರನೆಯ ಸಾಲಿನ ಹಂಗಾಮಿನ ನಿಯಮ ಯಾರಿಗೂ ಬೇಕಾಗಿಲ್ಲ. ಅಂಥ ಕಡೆ ಅವಳಿಗೆ ನನಗಿಂತ ಹೆಚ್ಚಿನ ಅನುಕೂಲವೇನೂ ಇಲ್ಲ, ಅಲ್ಲಿಗೆ ಕಳಿಸುವುದನ್ನೇ ನಿಲ್ಲಿಸಿದಳು. ಒಂಬತ್ತರಲ್ಲಿ ಎರಡು ಕಡೆಯಿಂದ ಫೋನು ಬಂತು. ಒಂದು ಕಡೆ ಸಂಬಳ ಈಗಿನದಕ್ಕಿಂತ ಬಹಳ ಕಡಿಮೆ, ಅಲ್ಲಿಗೇ ಮುಗಿಯಿತು. ಇನ್ನೊಂದು ಕಡೆ ವಿಡಿಯೊದಲ್ಲಿ ಮಾತಾಡಿದ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆಯೇ, ‘ಆ 71ರಲ್ಲಿ ಕಟ್ಟದೇ ಉಳಿದ 13 ಜನ ಯಾರು?’ ಅಕ್ಕನಿಗೆ ಗೊತ್ತಿತ್ತು. ಆರು ಮಂದಿ ಕಬ್ಬನ್ನು ಕಾರ್ಖಾನೆಗೆ ಹಾಕದೆ ಗಾಣಕ್ಕೆ ಕೊಟ್ಟು ಕೈಯಲ್ಲಿ ಹಣ ತೆಗೆದುಕೊಂಡವರು, ಅವರಿಗೆ ಬಿಲ್ಲೇ ಇಲ್ಲ. ಉಳಿದ ಏಳು ಜನರ ಬಗ್ಗೆ ತನಗೆ ತಿಳಿಯಲಿಲ್ಲ ಎಂದಳು.

ನಂತರ ಅವರು ಸಂಬಳದ ಮಾತು, ಮೂರು ತಿಂಗಳ ನೋಟಿಸ್ ಅವಧಿಯ ಮಾತು ತೆಗೆದರು. ಕೊನೆಗೆ, ‘ಬೇಸರ ಬಂದರೆ ಊರಿಗೆ ಹೋಗಿಬಿಡ್ತೀರಾ?’ ಎಂದು ಕೇಳಿದರಂತೆ. ‘ಆರು ವರ್ಷ ಮಾರ್ಚ್ ತಿಂಗಳು ಕಳೆದೀನಿ ಸರ್’ ಎಂದಳಂತೆ.

ಎರಡನೇ ಸುತ್ತು ಬರುವ ಸೋಮವಾರ, ಬೆಂಗಳೂರಿನಲ್ಲೇ. ಭಾನುವಾರ ರಾತ್ರಿ ಕಿತ್ತೂರಿನಲ್ಲಿ ಹೆದ್ದಾರಿಗೆ ಹೋಗಿ ಬಸ್ ಹಿಡಿಯಬೇಕು, ನಾನೇ ಬೈಕಿನಲ್ಲಿ ಬಿಡುತ್ತೇನೆ. ದೊಡ್ಡಪ್ಪನಿಗೆ ಶನಿವಾರ ಹೇಳುವುದೆಂದು ಆಗಿದೆ. ಯಾರು ಹೇಳಬೇಕು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.